ಹೊರಗೆ ಗಟ್ಟಿ ಫೈರ್‌ವಾಲ್, ಒಳಗೆ ಪೂರ್ತಿ ಫ್ಲಾಟ್ ನೆಟ್‌ವರ್ಕ್: ಜೀರೋ ಟ್ರಸ್ಟ್ ಅಂದ್ರೆ ನಾನು ಏನು ಮಾಡಬೇಕು?

ಗೇಟ್‌ಕೀಪರ್_ಬೊಮ್ಮಸಂದ್ರ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೇನೆ. ಈಗಿರುವುದು ಗಾಡಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ. ಎರಡು ಶೆಡ್, ಒಂದು ಆಫೀಸ್ ಕಟ್ಟಡ, ಸುಮಾರು 280 ಪಿಸಿ. ಎಲ್ಲವೂ 192.168.0.0/22 ಒಂದರಲ್ಲೇ. ವಿಲ್ಯಾನ್ ಇಲ್ಲ. ಹೊರಗಡೆ ಜೋಡಿ ಫೈರ್‌ವಾಲ್ ಇದೆ, ಒಂದು ಕೆಟ್ಟರೆ ಇನ್ನೊಂದು ವಹಿಸಿಕೊಳ್ಳುತ್ತದೆ. ಒಳಕ್ಕೆ ಬರುವ ಪೋರ್ಟ್ ಅಂತ ತೆಗೆದಿರುವುದು ವಿಪಿಎನ್ ಒಂದೇ.

ಕಳೆದ ತಿಂಗಳು ನಮ್ಮ ದೊಡ್ಡ ಗಿರಾಕಿ ಕಡೆಯಿಂದ ಒಂದು ಪ್ರಶ್ನಾವಳಿ ಬಂತು. ಅದರಲ್ಲಿ "ಜೀರೋ ಟ್ರಸ್ಟ್ ಅಳವಡಿಸಿದ್ದೀರಾ?" ಅಂತ ಒಂದು ಸಾಲು. ಎಂಡಿ ಅದನ್ನು ನನ್ನ ಮೇಜಿಗೆ ತಂದಿಟ್ಟರು. ನಮಗೆ ಫೈರ್‌ವಾಲ್ ಮಾರಿದವರನ್ನು ಕೇಳಿದೆ. ಇನ್ನೊಂದು ಪೆಟ್ಟಿಗೆಗೆ ಕೊಟೇಶನ್ ಕಳಿಸಿದರು!

ನನಗೆ ಅರ್ಥವಾಗದ್ದು ಇಷ್ಟೇ. ಹೊರಗಿನವರು ಒಳಗೆ ಬರಲು ಆಗುವುದಿಲ್ಲ ಅಂದ ಮೇಲೆ ಒಳಗಿನ ಪಿಸಿಗಳನ್ನು ಯಾಕೆ ಅನುಮಾನಿಸಬೇಕು? ಹಾಗಾದರೆ ನನ್ನ ಫೈರ್‌ವಾಲ್ ದಂಡವಾ?

ಸುಮ್ನೆಬಂದೆ

ನಮ್ಮ ಕಂಪನಿಯಲ್ಲೂ ಇದನ್ನೇ ಮಾಡಿದ್ದಾರೆ ಸರ್. ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರ್ ಹಾಕಿ, ನೌಕರರ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿದ ಹಾಗೆ. ಹೆಸರಲ್ಲೇ ಇದೆಯಲ್ಲ. ದಯವಿಟ್ಟು ನಿಮ್ಮ ಜನರಿಗೆ ಈ ಕಾಟ ಕೊಡಬೇಡಿ.

ಕಾವೇರಿತೀರ

@ಸುಮ್ನೆಬಂದೆ, ನೀವು ಹೇಳಿದ್ದು ಬೇರೆ ಸಂಗತಿ. ಅದು ಜನರ ಮೇಲೆ ಕಣ್ಣಿಡುವುದು. ಇಲ್ಲಿ ಅನುಮಾನ ಇರುವುದು ಪಿಸಿ ಎಲ್ಲಿ ಕೂತಿದೆ ಅನ್ನುವುದರ ಮೇಲೆ, ಅದರ ಮುಂದೆ ಕೂತ ಮನುಷ್ಯನ ಮೇಲೆ ಅಲ್ಲ.

@ಗೇಟ್‌ಕೀಪರ್, ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಅಕೌಂಟ್ಸ್‌ನ ಯಾವುದಾದರೂ ಪಿಸಿಯಲ್ಲಿ ಕೂತು, ಶೆಡ್‌ನ ಯಾವುದಾದರೂ ಪಿಸಿಯ ಅಡ್ರೆಸ್ ಹಾಕಿ ಇದನ್ನು ಓಡಿಸಿ:

```
Test-NetConnection 192.168.1.80 -Port 445
```

ಕೆಳಗೆ `TcpTestSucceeded : True` ಅಂತ ಬಂದರೆ ಇಲ್ಲಿ ತಿಳಿಸಿ. ಮುಂದಿನದ್ದು ಅದರ ಮೇಲೆ ನಿಂತಿದೆ. ಆ ಪಿಸಿಗಳ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಎಲ್ಲಾ ಕಡೆ ಒಂದೇನಾ, ಅದನ್ನೂ ಹೇಳಿ. (ಪಾಸ್‌ವರ್ಡ್ ಇಲ್ಲಿ ಬರೀಬೇಡಿ ಮತ್ತೆ!)

ವಿಲ್ಯಾನ್_ವೀರ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಗುರು. ಜೀರೋ ಟ್ರಸ್ಟ್ ಅನ್ನುವುದು ಹಳೇ ಮದ್ಯಕ್ಕೆ ಹೊಸ ಸೀಸೆ. /22 ಒಡೆದು ಆರು ವಿಲ್ಯಾನ್ ಮಾಡಿ. ಅಕೌಂಟ್ಸ್, ಎಚ್ಆರ್, ಡಿಸೈನ್, ಶೆಡ್, ಸಿಸಿಟಿವಿ, ಸರ್ವರ್. ಮುಗೀತು. ನಾನು ಮೂರು ಕಡೆ ಹೀಗೇ ಮಾಡಿಕೊಟ್ಟಿದ್ದೇನೆ.

ಗೇಟ್‌ಕೀಪರ್_ಬೊಮ್ಮಸಂದ್ರ

ಐದು ಪಿಸಿ ನೋಡಿದೆ. ಐದರಲ್ಲೂ True. ವಿಂಡೋಸ್ ಫೈರ್‌ವಾಲನ್ನು ಗ್ರೂಪ್ ಪಾಲಿಸಿಯಿಂದ ಹತ್ತು ವರ್ಷದ ಹಿಂದೆಯೇ ಆಫ್ ಮಾಡಿದ್ದೇವೆ. ಟ್ಯಾಲಿ ಏನೋ ತಕರಾರು ಮಾಡಿತ್ತು, ಆಮೇಲೆ ಯಾರೂ ಆನ್ ಮಾಡಲಿಲ್ಲ. ಅಡ್ಮಿನ್ ಪಾಸ್‌ವರ್ಡ್ ಎಲ್ಲಾ ಕಡೆ ಒಂದೇ. ಒಂದು ಮಾಸ್ಟರ್ ಇಮೇಜ್‌ನಿಂದ ಎಲ್ಲಾ ಪಿಸಿ ಮಾಡಿದ್ದು, ಹಾಗಾಗಿ.

ನಗಬೇಡಿ.

ಕಾವೇರಿತೀರ

ನಗೋದು ಏನಿದೆ, ನಾನು ನೋಡಿದ ಅರ್ಧಕ್ಕರ್ಧ ಜಾಗದಲ್ಲಿ ಹೀಗೇ ಇದೆ.

ನಿಮ್ಮ ಕಾರ್ಖಾನೆಯದ್ದೇ ಮಾತು ತಗೊಳ್ಳಿ. ಗೇಟ್ ಪಾಸ್ ತೋರಿಸಿ ಒಳಗೆ ಬಂದವನು ಸ್ಟೋರ್ಸ್‌ಗೆ ಹೋಗಿ ಒಂದು ಕಟಿಂಗ್ ಟೂಲ್ ಕೇಳಿದರೆ ಸ್ಟೋರ್ ಕೀಪರ್ ಇಂಡೆಂಟ್ ಚೀಟಿ ಕೇಳುತ್ತಾನೆ. ಇಪ್ಪತ್ತು ವರ್ಷದ ನೌಕರನಾದರೂ ಕೇಳುತ್ತಾನೆ. ನಿನ್ನೆ ಕೊಟ್ಟಿದ್ದರೂ ಇವತ್ತು ಮತ್ತೆ ಕೇಳುತ್ತಾನೆ. ನಿಮ್ಮ ನೆಟ್‌ವರ್ಕ್‌ನಲ್ಲಿ ಗೇಟ್ ಇದೆ, ಸ್ಟೋರ್ ಕೀಪರ್ ಇಲ್ಲ.

"ಹೊರಗಿನವರು ಬರಲು ಆಗುವುದಿಲ್ಲ" ಅಂದಿರಲ್ಲ, ಅದಕ್ಕೆ 2017ರ ಜೂನ್ 27ರ ಕಥೆ ಹೇಳುತ್ತೇನೆ. ಉಕ್ರೇನ್‌ನಲ್ಲಿ ಎಂ.ಇ.ಡಾಕ್ ಅಂತ ಒಂದು ಲೆಕ್ಕಪತ್ರದ ಸಾಫ್ಟ್‌ವೇರ್ ಇತ್ತು. ನಮ್ಮಲ್ಲಿ ಟ್ಯಾಲಿ ಇದ್ದ ಹಾಗೆ ಅಂದುಕೊಳ್ಳಿ. ಅದರ ಅಪ್‌ಡೇಟ್ ಮೂಲಕವೇ ನಾಟ್‌ಪೆಟ್ಯಾ ಅನ್ನುವ ಹುಳು ಒಳಗೆ ಬಂತು. ಫೈರ್‌ವಾಲ್‌ಗೆ ಅದು ದಿನಾ ಬರುವ ಅಪ್‌ಡೇಟ್ ಅಷ್ಟೆ. ಒಳಗಿನ ಪಿಸಿಯೇ ಹೊರಗೆ ಹೋಗಿ ಕೇಳಿ ತಂದದ್ದು. ನಿಮ್ಮ ಜೋಡಿ ಫೈರ್‌ವಾಲ್ ಇದ್ದರೂ ಬಿಟ್ಟುಕೊಡುತ್ತಿತ್ತು.

ಆಮೇಲೆ ನಡೆದದ್ದು ಮುಖ್ಯ. ಆ ಹುಳು ಎರಡು ದಾರಿಯಲ್ಲಿ ಹರಡಿತು. ಒಂದು, ಪ್ಯಾಚ್ ಹಾಕದ ಪಿಸಿಗಳಲ್ಲಿ 445ರ ಎಸ್‌ಎಂಬಿ ದೋಷ. ಎರಡನೆಯದು, ಪಿಸಿಯ ಮೆಮೊರಿಯಲ್ಲಿ ಉಳಿದಿದ್ದ ಪಾಸ್‌ವರ್ಡ್ ಕದ್ದು, ಅದನ್ನೇ ಬಳಸಿ ಪಕ್ಕದ ಪಿಸಿಗೆ ಅಡ್ಮಿನ್ ಆಗಿ ಲಾಗಿನ್ ಆಗುವುದು. ಈ ಎರಡನೇ ದಾರಿಗೆ ಪ್ಯಾಚ್ ಹಾಕಿದ ಪಿಸಿಯೂ ಒಂದೇ, ಹಾಕದ ಪಿಸಿಯೂ ಒಂದೇ. ಮೇರ್ಸ್ಕ್ ಹಡಗು ಕಂಪನಿ ಆಮೇಲೆ 4,000 ಸರ್ವರ್, 45,000 ಪಿಸಿ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಅದನ್ನು ಅವರ ಅಧ್ಯಕ್ಷರೇ ಮುಂದಿನ ವರ್ಷ ದಾವೋಸ್‌ನಲ್ಲಿ ಹೇಳಿದರು.

ಈಗ ನಿಮ್ಮ ಪಿಸಿಗಳನ್ನು ನೋಡಿ. ಅಡ್ಮಿನ್ ಪಾಸ್‌ವರ್ಡ್ ಒಂದೇ, 445 ಎಲ್ಲಾ ಕಡೆ ತೆರೆದಿದೆ. ಒಂದು ಪಿಸಿ ಹೋದರೆ 280 ಹೋದ ಹಾಗೆ. ಪಕ್ಕದ ಪಿಸಿ "ನಾನು ಒಳಗಿನವನು" ಅಂದರೆ ಸಾಕು, ಈ ಪಿಸಿ ಬಾಗಿಲು ತೆಗೆಯುತ್ತದೆ. ಆ ಸಲುಗೆಯನ್ನು ಕಿತ್ತು ಹಾಕುವುದರಿಂದ ಶುರು ಮಾಡಿ. ಪೆಟ್ಟಿಗೆ ಕೊಳ್ಳುವ ಮಾತು ಆಮೇಲೆ.

ಫೈರ್‌ವಾಲ್ ಇರಲಿ, ದಂಡ ಅಲ್ಲ. ಗೇಟ್ ತೆಗೆದು ಹಾಕಿ ಅಂತ ಯಾರೂ ಹೇಳುತ್ತಿಲ್ಲ.

ವಿಲ್ಯಾನ್_ವೀರ

ಮೇಡಂ, ಅದನ್ನೇ ನಾನೂ ಹೇಳಿದ್ದು. ವಿಲ್ಯಾನ್ ಮಾಡಿದ್ದರೆ ಆ ಹುಳು ಒಂದು ವಿಲ್ಯಾನ್‌ನಲ್ಲೇ ಸಾಯುತ್ತಿತ್ತು.

ಕಾವೇರಿತೀರ

ಸಾಯಬಹುದಿತ್ತು, ನಡುವೆ ಎಸಿಎಲ್ ಇದ್ದಿದ್ದರೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಮೂರು ಕಡೆ ವಿಲ್ಯಾನ್‌ಗಳ ನಡುವೆ ರೂಟಿಂಗ್ ಎಲ್ಲಿ ಆಗುತ್ತದೆ? ಕೋರ್ ಸ್ವಿಚ್‌ನಲ್ಲಾ? ಅಲ್ಲಿ ಎಸಿಎಲ್ ಬರೆದಿದ್ದೀರಾ?

ವಿಲ್ಯಾನ್_ವೀರ

ಕೋರ್ ಸ್ವಿಚ್‌ನಲ್ಲೇ. ಎಸಿಎಲ್... ಒಂದು ಕಡೆ ಸಿಸಿಟಿವಿಗೆ ಬರೆದಿದ್ದೇನೆ. ಉಳಿದದ್ದಕ್ಕೆ "ಕೆಲಸ ನಿಲ್ಲಬಾರದು" ಅಂದರು, ಬಿಟ್ಟೆ.

ಕಾವೇರಿತೀರ

ಹಾಗಾದರೆ ಅದು ಬರೀ ಬ್ರಾಡ್‌ಕಾಸ್ಟ್ ಕಡಿಮೆ ಮಾಡಿದ ಹಾಗೆ ಆಯ್ತು. ಗೋಡೆ ಎಬ್ಬಿಸಿ ಬಾಗಿಲಿಗೆ ಚಿಲಕ ಹಾಕಲಿಲ್ಲ. ಒಂದು ವಿಲ್ಯಾನ್‌ನಿಂದ ಇನ್ನೊಂದಕ್ಕೆ ಸ್ವಿಚ್ಚೇ ದಾರಿ ತೋರಿಸುತ್ತದೆ.

ಎಸಿಎಲ್ ಬರೆದರೂ ಒಂದು ಕೊರತೆ ಉಳಿಯುತ್ತದೆ. ಅಕೌಂಟ್ಸ್‌ನಲ್ಲಿ 22 ಪಿಸಿ ಇದ್ದರೆ, ಆ 22ರ ನಡುವಿನ ಮಾತು ಫೈರ್‌ವಾಲ್‌ಗೂ ಹೋಗುವುದಿಲ್ಲ, ಎಸಿಎಲ್‌ಗೂ ಸಿಗುವುದಿಲ್ಲ. ಒಂದೇ ಸಬ್‌ನೆಟ್, ಸ್ವಿಚ್ ಮ್ಯಾಕ್ ಅಡ್ರೆಸ್ ನೋಡಿ ನೇರ ದಾಟಿಸಿ ಬಿಡುತ್ತದೆ. `switchport protected` ಹಾಕಬಹುದು, ಆದರೆ ಅದು ಒಂದೇ ಸ್ವಿಚ್‌ನ ಪೋರ್ಟ್‌ಗಳ ನಡುವೆ ಮಾತ್ರ ತಡೆಯುತ್ತದೆ. ಪಕ್ಕದ ಸ್ವಿಚ್‌ನಲ್ಲಿರುವ ಪಿಸಿಗೆ ಹೋಗುವುದನ್ನು ತಡೆಯುವುದಿಲ್ಲ.

ಅದಕ್ಕೇ ನಾನು ಕಾವಲನ್ನು ಪಿಸಿಯ ಬಾಗಿಲಲ್ಲೇ ನಿಲ್ಲಿಸುತ್ತೇನೆ. ವಿಂಡೋಸ್ ಫೈರ್‌ವಾಲ್. ದುಡ್ಡು ಕೊಡಬೇಕಿಲ್ಲ, 280 ಪಿಸಿಯಲ್ಲೂ ಈಗಾಗಲೇ ಇದೆ. ಪಿಸಿ ಪಿಸಿ ನಡುವೆ ಮಾತೇ ಬೇಡ. ಪಿಸಿ ಸರ್ವರ್ ಜೊತೆ ಮಾತಾಡಲಿ, ಪ್ರಿಂಟರ್ ಜೊತೆ ಮಾತಾಡಲಿ. ಇನ್ನೊಂದು ಪಿಸಿಯ ಹತ್ತಿರ ಅದಕ್ಕೆ ಏನು ಕೆಲಸ?

ಹಳೇಹುಬ್ಬಳ್ಳಿ

ಮೇಡಂ, ಕೆಲಸ ಇರತೈತ್ರಿ! ನಾನು ಒಂದು ಸಹಕಾರಿ ಸಂಘದಲ್ಲಿ ಐಟಿ ನೋಡ್ತೀನಿ. ಹಿಂಗೇ ಉತ್ಸಾಹದಲ್ಲಿ ಒಂದು ಶುಕ್ರವಾರ ಸಂಜೆ ಎಲ್ಲಾ ಪಿಸಿಯ ಫೈರ್‌ವಾಲ್ ಆನ್ ಮಾಡಿ ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕ್ಯಾಶ್ ಕೌಂಟರ್‌ನ ಮೂರು ಪಿಸಿಗೆ ಪ್ರಿಂಟ್ ಬರಲಿಲ್ಲ. ಪ್ರಿಂಟರ್ ನಾಲ್ಕನೇ ಪಿಸಿಗೆ ಯುಎಸ್‌ಬಿಯಲ್ಲಿ ಇತ್ತು, ಅಲ್ಲಿಂದ ಶೇರ್ ಆಗಿತ್ತು. ಪಾಸ್‌ಬುಕ್ ಹಿಡಿದು ಜನ ಸಾಲು ನಿಂತಿದ್ದರು. ಹತ್ತೂಕಾಲಿಗೆ ಎಲ್ಲಾ ವಾಪಸ್ ಆಫ್ ಮಾಡಿದೆ. ಇವತ್ತಿಗೂ ಆಫ್ ಐತಿ.

ಕಾವೇರಿತೀರ

ಇದೇ ನಾನು ಹೇಳಬೇಕೆಂದಿದ್ದು, ನೀವೇ ಹೇಳಿಬಿಟ್ಟಿರಿ. ಮೊದಲ ದಿನ ತಡೆಯಬಾರದು. ಮೊದಲು ಕೇಳಿಸಿಕೊಳ್ಳಬೇಕು.

ಫೈರ್‌ವಾಲ್ ಆನ್ ಮಾಡಿ, ಆದರೆ ಒಳಬರುವುದನ್ನು ಪೂರ್ತಿ ಬಿಡಿ, ಮತ್ತು ಬಿಟ್ಟದ್ದನ್ನೆಲ್ಲ ಬರೆದಿಡಲು ಹೇಳಿ. ಒಂದು ಹೊಸ ಜಿಪಿಒ ಮಾಡಿ, ಮೊದಲು ಅಕೌಂಟ್ಸ್‌ನ 22 ಪಿಸಿಗೆ ಮಾತ್ರ ಕಟ್ಟಿ:

```
$gpo = "factory.local\FW-Audit"
Set-NetFirewallProfile -PolicyStore $gpo -Profile Domain -Enabled True -DefaultInboundAction Allow -LogAllowed True -LogMaxSizeKilobytes 32767
```

ಲಾಗ್ ಗಾತ್ರ ಹೆಚ್ಚಿಸಲು ಮರೆಯಬೇಡಿ. ತಾನಾಗಿ ಇರುವುದು 4 ಎಂಬಿ. ಬಿಟ್ಟದ್ದನ್ನೂ ಬರೆಯಲು ಹೇಳಿದರೆ ಅದು ಬೇಗ ತುಂಬಿ ಹಳೆಯದು ಹೋಗುತ್ತದೆ. ತಿಂಗಳ ಕೊನೆ ಮತ್ತು ಮುಂದಿನ ತಿಂಗಳ ಮೊದಲ ವಾರ ಎರಡೂ ಲಾಗ್‌ನಲ್ಲಿ ಸಿಗಬೇಕು. ಸಂಬಳ, ಜಿಎಸ್‌ಟಿ ಕೆಲಸ ಎಲ್ಲಾ ಆಗಲೇ ನಡೆಯುವುದು. ಬರೀ ನಡು ತಿಂಗಳು ನೋಡಿ ಮುಗಿಸಿದವರು ಒಂದನೇ ತಾರೀಖು ಬೈಸಿಕೊಳ್ಳುತ್ತಾರೆ.

ಆಮೇಲೆ ಆ ಪಿಸಿಯಲ್ಲಿ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ಇದನ್ನು ನೋಡಿ:

```
Select-String -Path C:\Windows\System32\LogFiles\Firewall\pfirewall.log -Pattern "ALLOW TCP .* 445 .*RECEIVE"
```

ಪ್ರತಿ ಸಾಲಿನಲ್ಲಿ ಯಾವ ಅಡ್ರೆಸ್‌ನಿಂದ ಬಂದದ್ದು ಅಂತ ಇರುತ್ತದೆ. ಅದು ಇನ್ನೊಂದು ಪಿಸಿಯ ಅಡ್ರೆಸ್ ಆಗಿದ್ದರೆ, ಎದ್ದು ಹೋಗಿ ಆ ಪಿಸಿಯವರನ್ನು ಕೇಳಿ.

ಒಂದು ಎಚ್ಚರಿಕೆ. ಫೈರ್‌ವಾಲ್ ಆನ್ ಆದ ಕೂಡಲೇ ಹಳೇ ಬ್ಲಾಕ್ ರೂಲ್‌ಗಳು ಜೀವ ಪಡೆಯುತ್ತವೆ. ಹಿಂದೆ ಯಾವಾಗಲೋ ಒಂದು ಪ್ರೋಗ್ರಾಂ ಕೇಳಿದಾಗ ಯಾರೋ ಕ್ಯಾನ್ಸಲ್ ಒತ್ತಿದ್ದರೆ ಅಂಥ ರೂಲ್ ಕೂತಿರುತ್ತದೆ. ಹಾಗಾಗಿ ಎಲ್ಲವನ್ನೂ ಬಿಡಿ ಅಂದರೂ ಒಂದೆರಡು ಕಡೆ ಕೆಲಸ ನಿಲ್ಲಬಹುದು. ಅದಕ್ಕೇ 22ರಿಂದ ಶುರು ಮಾಡಿ ಅಂದದ್ದು.

ದುಬೈ_ಕನ್ನಡಿಗ

2025ರಲ್ಲಿ ಕೂಡ ಪಿಸಿ ಫೈರ್‌ವಾಲ್ ಬಗ್ಗೆ ಮಾತಾಡ್ತಿದ್ದೀರಲ್ಲ! ನಾವಿಲ್ಲಿ ವಿಪಿಎನ್ ತೆಗೆದು ಎರಡು ವರ್ಷ ಆಯ್ತು. ಎಲ್ಲಾ ಆ್ಯಪ್ ಪ್ರಾಕ್ಸಿ ಹಿಂದೆ. ಬಳಕೆದಾರ ಫೋನ್‌ನಲ್ಲಿ ಒಪ್ಪಿಗೆ ಕೊಡಬೇಕು, ಲ್ಯಾಪ್‌ಟಾಪ್‌ನಲ್ಲಿ ಕಂಪನಿ ಸರ್ಟಿಫಿಕೇಟ್ ಇರಬೇಕು, ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬೇಕು. ಇಲ್ಲಾಂದ್ರೆ ಆ್ಯಪ್ ಕಾಣಿಸೋದೇ ಇಲ್ಲ. ಆಫೀಸ್‌ನಲ್ಲಿ ಕೂತರೂ ಕಾಫಿ ಅಂಗಡಿಯಲ್ಲಿ ಕೂತರೂ ಒಂದೇ. ಜೀರೋ ಟ್ರಸ್ಟ್ ಅಂದ್ರೆ ಅದು. ಗೂಗಲ್ 2014ರಲ್ಲೇ ಬಿಯಾಂಡ್‌ಕಾರ್ಪ್ ಅಂತ ಇದನ್ನು ಬರೆದು ಹೊರಗಿಟ್ಟಿತು.

ಕಾವೇರಿತೀರ

ನೀವು ಹೇಳಿದ್ದು ಸರಿ, ಅದು ಇನ್ನೂ ಮುಂದಿನ ಹಂತ. ಆದರೆ ನಿಮ್ಮ ಆ್ಯಪ್‌ಗಳೆಲ್ಲ ಬ್ರೌಸರ್‌ನಲ್ಲಿ ತೆರೆಯುವವು ಅಂತ ಕಾಣುತ್ತದೆ. ಇವರಲ್ಲಿ ಟ್ಯಾಲಿ ಇದೆ, ಫೈಲ್ ಶೇರ್ ಇದೆ, ಸಿಎನ್‌ಸಿ ಮಷಿನ್ ಇದೆ. ಅವನ್ನು ವೆಬ್ ಪ್ರಾಕ್ಸಿ ಹಿಂದೆ ಸುಮ್ನೆ ಕೂರಿಸಲು ಆಗುವುದಿಲ್ಲ.

ಗೇಟ್‌ಕೀಪರ್_ಬೊಮ್ಮಸಂದ್ರ

ತಡವಾಗಿ ಬರೆಯುತ್ತಿದ್ದೇನೆ, ಐದು ವಾರ ಆಯ್ತು. ಮೇಡಂ ಹೇಳಿದ ಹಾಗೆ ತಿಂಗಳ ಕೊನೆ ಮುಗಿಯಲಿ ಅಂತ ಕಾದೆ.

22 ಪಿಸಿಯ ಲಾಗ್ ನೋಡಿ ಬೆವರಿದೆ. ಅಕೌಂಟ್ಸ್‌ನ ಹಿರಿಯರೊಬ್ಬರ ಪಿಸಿಯಲ್ಲಿ ಟ್ಯಾಲಿ ಡೇಟಾ ಫೋಲ್ಡರ್ ಇದೆ. ಅದನ್ನು ಇನ್ನೂ ನಾಲ್ಕು ಜನ 445ರಲ್ಲಿ ತೆರೆದು ಕೆಲಸ ಮಾಡುತ್ತಿದ್ದಾರೆ. ಅದು ಸರ್ವರ್‌ನಲ್ಲಿದೆ ಅಂತ ನಾನು ಆರು ವರ್ಷದಿಂದ ಅಂದುಕೊಂಡಿದ್ದೆ! ಬ್ಯಾಕಪ್ ಕೂಡ ಆಗುತ್ತಿರಲಿಲ್ಲ. ಶೇರ್‌ಗೆ ಅನುಮತಿ ಎಲ್ಲರಿಗೂ, ಪೂರ್ತಿ.

ಎರಡನೆಯದು, ಮೊದಲ ಮಹಡಿಯ ದೊಡ್ಡ ಜೆರಾಕ್ಸ್ ಮಷಿನ್. ಸ್ಕ್ಯಾನ್ ಮಾಡಿದ ಬಿಲ್‌ಗಳನ್ನು ಒಬ್ಬ ಹುಡುಗನ ಪಿಸಿಗೆ ಹಾಕುತ್ತದೆ. ಅದರಲ್ಲಿ ತುಂಬಿರುವ ಯೂಸರ್‌ನೇಮ್ ಯಾವುದು ಗೊತ್ತಾ? ಡೊಮೇನ್ ಅಡ್ಮಿನ್. ಮಷಿನ್ ಕೂರಿಸಲು ಬಂದವರಿಗೆ ಆ ದಿನ ನಾನೇ ಟೈಪ್ ಮಾಡಿ ಕೊಟ್ಟಿದ್ದೆ. ನೆನಪಾಯಿತು.

ಮೂರನೆಯದು ಅರ್ಥವಾಗಲಿಲ್ಲ. ಒಂದು ಪಿಸಿ ದಿನಾ ರಾತ್ರಿ ಎರಡಕ್ಕೆ ಉಳಿದ ಎಲ್ಲಾ ಪಿಸಿಗಳ 445 ಮುಟ್ಟುತ್ತದೆ.

ಹಳೇಹುಬ್ಬಳ್ಳಿ

ರಾತ್ರಿ ಎರಡಕ್ಕಾ? ಆ ಪಿಸಿಯ ಕೇಬಲ್ ಕಿತ್ತು ಹಾಕ್ರಿ ಮೊದಲು!

ಕಾವೇರಿತೀರ

ಆಗಲೂಬಹುದು, ಆದರೆ ಮೊದಲು ಆ ಪಿಸಿಯ ಟಾಸ್ಕ್ ಶೆಡ್ಯೂಲರ್ ನೋಡಿ. ಸರಿಯಾಗಿ ಎರಡಕ್ಕೇ ಅಂದರೆ ಆ್ಯಂಟಿವೈರಸ್ ಅಥವಾ ಆಸ್ತಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಇರಬಹುದು. ಅಲ್ಲೇನೂ ಸಿಗದಿದ್ದರೆ ಹುಬ್ಬಳ್ಳಿಯವರ ಮಾತು ಕೇಳಿ, ಕೇಬಲ್ ಕಿತ್ತಿಡಿ. ಪಿಸಿ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವುದು ಹೋಗುತ್ತದೆ.

ಆ ಜೆರಾಕ್ಸ್ ಮಷಿನ್‌ನಲ್ಲಿ ತುಂಬಿರುವ ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಇವತ್ತೇ ಬದಲಿಸಿ, ಉಳಿದದ್ದೆಲ್ಲ ನಾಳೆಗೆ ಇರಲಿ. ಸ್ಕ್ಯಾನ್‌ಗೆ ಅಂತಲೇ ಒಂದು ಸಣ್ಣ ಅಕೌಂಟ್ ಮಾಡಿ. ಫೈಲ್ ಸರ್ವರ್‌ನ ಒಂದು ಫೋಲ್ಡರ್‌ಗೆ ಬರೆಯಲು ಮಾತ್ರ ಅದಕ್ಕೆ ಅನುಮತಿ ಇರಲಿ. ಟ್ಯಾಲಿ ಡೇಟಾವನ್ನು ಸರ್ವರ್‌ಗೆ ಎತ್ತಿ, ಆ ಐದು ಜನರ ಗ್ರೂಪ್‌ಗೆ ಮಾತ್ರ ತೆರೆಯಿರಿ.

ಇವೆರಡು ಆದ ಮೇಲೆ ಪಿಸಿ ಪಿಸಿ ನಡುವೆ ಉಳಿಯುವ ಕೆಲಸ ಏನೂ ಇಲ್ಲ, ನಿಮ್ಮ ರಿಮೋಟ್ ಸಹಾಯ ಬಿಟ್ಟು. ಅದನ್ನು ನಿಮ್ಮ ಒಂದು ಪಿಸಿಯಿಂದ ಮಾತ್ರ ಬಿಡಿ:

```
New-NetFirewallRule -PolicyStore "factory.local\FW-Audit" -DisplayName "Admin-in" -Direction Inbound -Protocol TCP -LocalPort 135,445,3389,5985 -RemoteAddress 192.168.0.5 -Action Allow
```

ಆಮೇಲೆ ಅದೇ ಜಿಪಿಒದಲ್ಲಿ `DefaultInboundAction` ಅನ್ನು `Block` ಮಾಡಿ. ಇಲ್ಲಿ ಬಹಳ ಜನ ಎಡವುತ್ತಾರೆ. 445ಕ್ಕೆ ಅಂತ ಒಂದು ಬ್ಲಾಕ್ ರೂಲ್ ಬರೆದು, ಪಕ್ಕದಲ್ಲೇ ಅಡ್ಮಿನ್ ಪಿಸಿಗೆ ಅಲೋ ರೂಲ್ ಬರೆಯುತ್ತಾರೆ. ನಿಮ್ಮ ಹಳೇ ಫೈರ್‌ವಾಲ್‌ನಲ್ಲಿ ಮೇಲಿನ ರೂಲ್ ಗೆಲ್ಲುತ್ತದೆ ಅಲ್ವಾ, ಇಲ್ಲಿ ಹಾಗಿಲ್ಲ. ಸಾಲಿನ ಕ್ರಮಕ್ಕೆ ಬೆಲೆಯೇ ಇಲ್ಲ, ಬ್ಲಾಕ್ ಯಾವಾಗಲೂ ಗೆಲ್ಲುತ್ತದೆ. ನೀವೇ ಹೊರಗೆ ಉಳಿಯುತ್ತೀರಿ. ಹಾಗಾಗಿ ಬ್ಲಾಕ್ ರೂಲ್ ಬರೆಯಲೇ ಬೇಡಿ. ಮೂಲದಲ್ಲೇ ಮುಚ್ಚಿ, ಬೇಕಾದ್ದಕ್ಕೆ ಮಾತ್ರ ಅಲೋ.

ಇನ್ನೊಂದು. ಪಿಸಿಯಲ್ಲಿ ಯಾರಾದರೂ ಫೋಲ್ಡರ್ ಶೇರ್ ಮಾಡಿದರೆ ವಿಂಡೋಸ್ ತಾನೇ 445 ತೆರೆಯುವ ರೂಲ್ ಎಬ್ಬಿಸುತ್ತದೆ. ಹಾಗಾಗದಿರಲು ಜಿಪಿಒದಲ್ಲಿ `AllowLocalFirewallRules` ಅನ್ನು `False` ಮಾಡಬೇಕು. ಇದನ್ನು ಕೊನೆಗೆ ಮಾಡಿ. ಅದಾದ ಮೇಲೆ ಪ್ರೋಗ್ರಾಂಗಳು ತಾವೇ ಹಾಕಿಕೊಂಡ ರೂಲ್‌ಗಳೂ ಕೆಲಸ ಮಾಡುವುದಿಲ್ಲ. ಬೇಕಾದ್ದನ್ನು ನೀವೇ ಜಿಪಿಒಗೆ ಬರೆಯಬೇಕು.

ಒಂದೇ ಪಾಸ್‌ವರ್ಡ್‌ನ ಕಥೆಗೆ ವಿಂಡೋಸ್ ಲ್ಯಾಪ್ಸ್ ಇದೆ. 2023ರ ಏಪ್ರಿಲ್ ಅಪ್‌ಡೇಟ್‌ನಿಂದ ವಿಂಡೋಸ್ 10, 11ರಲ್ಲೇ ಸೇರಿದೆ. ಪ್ರತಿ ಪಿಸಿಗೆ ಬೇರೆ ಪಾಸ್‌ವರ್ಡ್ ಹಾಕಿ, ಡೊಮೇನ್‌ನಲ್ಲಿ ಇಟ್ಟು, ತಾನೇ ಬದಲಿಸುತ್ತಿರುತ್ತದೆ.

ವಿಲ್ಯಾನ್_ವೀರ

ಮೇಡಂ, ಒಂದು ಕೊಂಕು ತೆಗೆಯುತ್ತೇನೆ. "ಎಲ್ಲಿ ಕೂತಿದೆ ಅನ್ನುವುದನ್ನು ನಂಬಬೇಡಿ" ಅಂತ ಶುರು ಮಾಡಿದ್ದು ನೀವೇ. ಈಗ 192.168.0.5ರಿಂದ ಬಂದರೆ ಬಿಡಿ ಅಂತ ರೂಲ್ ಬರೆಸುತ್ತಿದ್ದೀರಿ. ಅದೂ ಕೂತ ಜಾಗವೇ ಅಲ್ವಾ? ಆ ಪಿಸಿ ಆಫ್ ಇದ್ದಾಗ ನಾನು ಅದೇ ಅಡ್ರೆಸ್ ಹಾಕಿಕೊಂಡರೆ?

ಕಾವೇರಿತೀರ

ಸಿಕ್ಕಿಬಿದ್ದೆ. ನೀವು ಹೇಳಿದ್ದು ನಿಜ. ಇಲ್ಲಿವರೆಗೆ ಮಾಡಿಸಿದ್ದು ಸಣ್ಣ ಸಣ್ಣ ಗೋಡೆ ಕಟ್ಟುವ ಕೆಲಸ. ಅಡ್ರೆಸ್ ಗುರುತಿನ ಚೀಟಿ ಅಲ್ಲ.

ಅದನ್ನು ಸರಿ ಮಾಡುವ ದಾರಿ ವಿಂಡೋಸ್‌ನಲ್ಲೇ ಇದೆ. ಕನೆಕ್ಷನ್ ಸೆಕ್ಯೂರಿಟಿ ರೂಲ್ ಅಂತ. ಕನೆಕ್ಷನ್ ಬರುವ ಮೊದಲೇ ಐಪಿಸೆಕ್‌ನಲ್ಲಿ ಆ ಕಡೆಯ ಪಿಸಿ ಡೊಮೇನ್‌ಗೆ ಸೇರಿದ್ದು ಅಂತ ಕರ್ಬರೋಸ್‌ನಿಂದ ತೋರಿಸಬೇಕು. ಬೇಕಾದರೆ ಇಂಥ ಗ್ರೂಪ್‌ನ ಮನುಷ್ಯ, ಇಂಥ ಗ್ರೂಪ್‌ನ ಪಿಸಿ, ಎರಡೂ ಸೇರಿದರೆ ಮಾತ್ರ 3389 ತೆರೆ ಅನ್ನಬಹುದು. ಆಗ ನೀವು ಅಡ್ರೆಸ್ ಕದ್ದರೂ ಉಪಯೋಗ ಇಲ್ಲ. ಜೆರಾಕ್ಸ್ ಮಷಿನ್‌ಗೆ ಇದು ಬರುವುದಿಲ್ಲ, ಆದ್ದರಿಂದ ಅದು ಬರೆಯುವ ಸರ್ವರ್‌ಗೆ ವಿನಾಯಿತಿ ಬೇಕಾಗುತ್ತದೆ. ಇದು ಮೂರು ತಿಂಗಳ ಕೆಲಸ, ಒಂದು ವಾರದ್ದಲ್ಲ. ಅದಕ್ಕೇ ಮೊದಲೇ ಹೇಳಲಿಲ್ಲ.

2020ರ ಆಗಸ್ಟ್‌ನಲ್ಲಿ ಅಮೆರಿಕದ ನಿಸ್ಟ್ ಹೊರತಂದ 800-207 ದಾಖಲೆ ಕೇಳುವುದೂ ಇದನ್ನೇ. ಪ್ರತಿ ಸಲ ಬಾಗಿಲು ತಟ್ಟಿದಾಗ ಯಾರು, ಯಾವ ಯಂತ್ರದಿಂದ, ಅದು ಯಾವ ಸ್ಥಿತಿಯಲ್ಲಿದೆ ಅಂತ ನೋಡಿ ತೀರ್ಮಾನ ಆಗಬೇಕು. ಅದರಲ್ಲಿ ಕೊಳ್ಳಬೇಕಾದ ಪೆಟ್ಟಿಗೆಯ ಹೆಸರು ಇಲ್ಲ.

ಗೇಟ್‌ಕೀಪರ್_ಬೊಮ್ಮಸಂದ್ರ

"ಪ್ರತಿ ಸಲ" ಅಂದಿರಲ್ಲ, ಅದಕ್ಕೊಂದು ಪ್ರಶ್ನೆ. ಹೋದ ವಾರ ಒಬ್ಬರು ಕೆಲಸ ಬಿಟ್ಟರು. ಬೆಳಿಗ್ಗೆ ಹನ್ನೊಂದಕ್ಕೆ ಅವರ ಅಕೌಂಟ್ ಡಿಸೇಬಲ್ ಮಾಡಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಅವರ ಪಿಸಿಯಲ್ಲಿ ಫೈಲ್ ಸರ್ವರ್‌ನ ಫೋಲ್ಡರ್ ಆರಾಮಾಗಿ ತೆರೆಯುತ್ತಿದೆ. ಪಾಪ ಅವರೇನೂ ಮಾಡಲಿಲ್ಲ, ಬೀಳ್ಕೊಡುಗೆ ಫೋಟೋ ನೋಡುತ್ತಿದ್ದರು. ಆದರೂ ಅದು ಹೇಗೆ?

ಕಾವೇರಿತೀರ

ಕರ್ಬರೋಸ್ ಟಿಕೆಟ್. ಬೆಳಿಗ್ಗೆ ಅವರು ಫೋಲ್ಡರ್ ತೆರೆದಾಗ ಡೊಮೇನ್ ಕಂಟ್ರೋಲರ್ ಒಂದು ಟಿಕೆಟ್ ಕೊಟ್ಟಿತು. ನೀವು ಬದಲಿಸಿಲ್ಲ ಅಂದರೆ ಅದು ಹತ್ತು ಗಂಟೆ ನಡೆಯುತ್ತದೆ. ಫೈಲ್ ಸರ್ವರ್ ಆ ಟಿಕೆಟ್ ಮಾತ್ರ ನೋಡುತ್ತದೆ, ಅಕೌಂಟ್ ಇನ್ನೂ ಇದೆಯಾ ಅಂತ ಕಂಟ್ರೋಲರನ್ನು ತಿರುಗಿ ಕೇಳುವುದಿಲ್ಲ. ಗ್ರೂಪ್‌ನಿಂದ ತೆಗೆದರೂ ಇದೇ ಕಥೆ.

ಸರ್ವರ್‌ನಲ್ಲಿ `Close-SmbSession` ಮಾಡಿದರೆ ಆ ಕ್ಷಣಕ್ಕೆ ತುಂಡಾಗುತ್ತದೆ, ಆದರೆ ಪಿಸಿಯ ಬಳಿ ಹಳೇ ಟಿಕೆಟ್ ಇರುವವರೆಗೆ ಮತ್ತೆ ಸೇರಿಕೊಳ್ಳಬಹುದು. ಪಿಸಿ ಲಾಗಾಫ್ ಮಾಡಿಸುವುದೇ ಖಂಡಿತವಾದ ದಾರಿ. ಆದ್ದರಿಂದ ವಿಂಡೋಸ್ ಫೈಲ್ ಶೇರ್ ಇಟ್ಟುಕೊಂಡು "ಪ್ರತಿ ಸಲ ಪರೀಕ್ಷೆ ಮಾಡುತ್ತೇವೆ" ಅಂತ ಪ್ರಶ್ನಾವಳಿಯಲ್ಲಿ ಬರೆಯಬೇಡಿ. ಅದು ಸುಳ್ಳಾಗುತ್ತದೆ.

ದುಬೈ_ಕನ್ನಡಿಗ

ಅದಕ್ಕೇ ಹೇಳಿದ್ದು ನಾನು, ಎಲ್ಲಾ ಕ್ಲೌಡ್ ಗುರುತಿಗೆ ತಂದುಬಿಡಿ ಅಂತ. ಹೊರಗಿನಿಂದ ಬರುವವರಿಂದಲಾದರೂ ಶುರು ಮಾಡಿ. ನಿಮ್ಮ ವಿಪಿಎನ್‌ನಲ್ಲಿ ಬಂದವರಿಗೆ ಏನೇನು ಕಾಣುತ್ತದೆ?

ಗೇಟ್‌ಕೀಪರ್_ಬೊಮ್ಮಸಂದ್ರ

ಪೂರ್ತಿ /22. 18 ಜನ ಇದ್ದಾರೆ. ಅದರಲ್ಲಿ ಇಬ್ಬರು ಸಿಎನ್‌ಸಿ ಸರ್ವೀಸ್‌ನವರು, ಹೊರಗಿನವರು.

ದುಬೈ_ಕನ್ನಡಿಗ

2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳ ಕಾರ್ಡ್ ಕಳವಾದದ್ದು ಫ್ರಿಜ್ ರಿಪೇರಿ ಗುತ್ತಿಗೆದಾರರ ಪಾಸ್‌ವರ್ಡ್‌ನಿಂದಲೇ ಒಳಗೆ ಬಂದು. ಆ ಇಬ್ಬರಿಗೆ ಬೇಕಾದದ್ದು ಒಂದು ಮಷಿನ್. ನೀವು ಕೊಟ್ಟಿರುವುದು ಸಾವಿರ ಅಡ್ರೆಸ್.

ಹಳೇಹುಬ್ಬಳ್ಳಿ

ಕ್ಲೌಡ್ ಅಂತೀರಿ ಸರ. ನಮ್ಮಲ್ಲಿ ಮಳೆಗಾಲದಾಗ ಫೈಬರ್ ತುಂಡಾದ್ರೆ ಒಂದೂವರೆ ದಿನ ಲೈನ್ ಇರಂಗಿಲ್ಲ. ಕಟ್ಟಡದ ಒಳಗಿನ ಸರ್ವರ್ ತೆರೀಲಿಕ್ಕೆ ಸಮುದ್ರದ ಆಚೆಯವರನ್ನ ಕೇಳಬೇಕು ಅಂದ್ರೆ ನಾನು ಕೌಂಟರ್ ಮುಚ್ಚಿ ಮನೆಗೆ ಹೋಗಬೇಕಾಗತೈತಿ.

ದುಬೈ_ಕನ್ನಡಿಗ

ಎರಡು ಕಂಪನಿಯ ಲೈನ್ ತಗೊಳ್ಳಿ. ತುರ್ತಿಗೆ ಅಂತ ಒಂದು ಅಕೌಂಟ್ ಬೇರೆ ಇಟ್ಟು, ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ಬೀಗ ಹಾಕಿಡಿ.

ಹಳೇಹುಬ್ಬಳ್ಳಿ

ಎರಡೂ ಒಂದೇ ಕಂಬದ ಮೇಲೆ ಬರತಾವ್ರಿ.

ಕಾವೇರಿತೀರ

ಇದಕ್ಕೆ ನನ್ನ ಬಳಿಯೂ ಒಂದೇ ಉತ್ತರ ಇಲ್ಲ. ತೀರ್ಮಾನ ಎಲ್ಲಿ ಆಗುತ್ತದೋ ಅದು ಬಿದ್ದಾಗ ಬಾಗಿಲು ಮುಚ್ಚಿರಬೇಕಾ, ತೆರೆದಿರಬೇಕಾ? ಆಫೀಸ್‌ಗೆ ಮುಚ್ಚಿರಲಿ ಅನ್ನುತ್ತೇನೆ, ಶೆಡ್‌ಗೆ ಹಾಗೆ ಹೇಳಲು ಧೈರ್ಯ ಬರುವುದಿಲ್ಲ. ಪಿಸಿ ಫೈರ್‌ವಾಲ್‌ನಲ್ಲಿ ಈ ತಾಪತ್ರಯ ಇಲ್ಲ. ರೂಲ್ ಪಿಸಿಯಲ್ಲೇ ಇರುತ್ತದೆ, ಲೈನ್ ಹೋದರೂ ಕೆಲಸ ಮಾಡುತ್ತದೆ.

ಆದರೆ ವಿಪಿಎನ್ ವಿಷಯದಲ್ಲಿ ದುಬೈ ಸರ್ ಮಾತೇ ಸರಿ. ಆ ಇಬ್ಬರಿಗೆ ಇವತ್ತೇ ನಿಮ್ಮ ಹಳೇ ಫೈರ್‌ವಾಲ್‌ನಲ್ಲಿ ಬೇರೆ ಗ್ರೂಪ್ ಮಾಡಿ, ಒಂದೇ ಅಡ್ರೆಸ್, ಒಂದೇ ಪೋರ್ಟ್ ಕೊಡಿ. ಒಟಿಪಿ ಹಾಕಿ. ಕೆಲಸ ಇದ್ದ ದಿನ ಮಾತ್ರ ಅಕೌಂಟ್ ಆನ್ ಮಾಡಿ. ಉಳಿದ 16 ಜನರನ್ನು ಆಮೇಲೆ ನೋಡೋಣ.

ಗೇಟ್‌ಕೀಪರ್_ಬೊಮ್ಮಸಂದ್ರ

ಕೊನೇ ಪ್ರಶ್ನೆ. ಆ ಸಿಎನ್‌ಸಿಗಳಲ್ಲಿ ನಾಲ್ಕು ವಿಂಡೋಸ್ ಎಕ್ಸ್‌ಪಿ. ಬದಲಿಸಿದರೆ ಮಷಿನ್‌ನವರು ವಾರಂಟಿ ಇಲ್ಲ ಅನ್ನುತ್ತಾರೆ. ಅದರಲ್ಲಿ ಈ ಯಾವ ಆಟವೂ ನಡೆಯುವುದಿಲ್ಲ. ಎಕ್ಸ್‌ಪಿಗೆ ಎಸ್‌ಎಂಬಿ 1 ಮಾತ್ರ ಗೊತ್ತು. ಅದಕ್ಕೋಸ್ಕರ ಫೈಲ್ ಸರ್ವರ್‌ನಲ್ಲಿ ಎಸ್‌ಎಂಬಿ 1 ಇನ್ನೂ ಆನ್ ಇಟ್ಟಿದ್ದೇನೆ.

ವಿಲ್ಯಾನ್_ವೀರ

ಇದು ನನ್ನ ಪಾಲಿಗೆ ಬಿಡಿ! ಆ ನಾಲ್ಕಕ್ಕೆ ಒಂದೊಂದು ವಿಲ್ಯಾನ್. ನಾಲ್ಕಕ್ಕೂ ಸೇರಿ ಒಂದಲ್ಲ, ಒಂದೊಂದು. ಗೇಟ್‌ವೇ ಕೋರ್ ಸ್ವಿಚ್‌ನಲ್ಲಿ ಬೇಡ, ಫೈರ್‌ವಾಲ್‌ನಲ್ಲೇ ಇಡಿ. ಮಧ್ಯೆ ಒಂದು ಸಣ್ಣ ಪೆಟ್ಟಿಗೆ ಇರಲಿ, ಮಷಿನ್ ಕಡೆ ಎಸ್‌ಎಂಬಿ 1, ಆಫೀಸ್ ಕಡೆ ಎಸ್‌ಎಂಬಿ 3. ಡಿಸೈನ್‌ನವರು ಪ್ರೋಗ್ರಾಂ ಅಲ್ಲಿ ಹಾಕಲಿ, ಮಷಿನ್ ಅಲ್ಲಿಂದ ಎತ್ತಿಕೊಳ್ಳಲಿ. ಫೈಲ್ ಸರ್ವರ್‌ನಲ್ಲಿ ಎಸ್‌ಎಂಬಿ 1 ಆಫ್. ಈ ಸಲ ಎಸಿಎಲ್ ಬರೆಯುತ್ತೇನೆ ಮೇಡಂ, ಆಣೆಗೂ.

ಕಾವೇರಿತೀರ

ಒಪ್ಪಿದೆ. ಯಂತ್ರ ತನ್ನ ಗುರುತು ಹೇಳಲಾರದು ಅಂದಾಗ ಅದರ ಸುತ್ತ ಗೋಡೆಯೇ ಗತಿ.

ಗೇಟ್‌ಕೀಪರ್_ಬೊಮ್ಮಸಂದ್ರ

ಆ ರಾತ್ರಿ ಎರಡರ ಪಿಸಿ ಪತ್ತೆ ಆಯ್ತು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಸ್ಕ್ರಿಪ್ಟ್ ಇತ್ತು, ಎಲ್ಲಾ ಪಿಸಿಗಳ ಡಿಸ್ಕ್ ಜಾಗ ಲೆಕ್ಕ ಹಾಕುವುದು. 2016ರಲ್ಲಿ ಬರೆದದ್ದು. ಬರೆದವನು ನಾನೇ. ಅದರೊಳಗೆ ಆ ಒಂದೇ ಅಡ್ಮಿನ್ ಪಾಸ್‌ವರ್ಡ್ ನೇರವಾಗಿ ಟೈಪ್ ಮಾಡಿಟ್ಟಿದ್ದೇನೆ.

ಅಕೌಂಟ್ಸ್‌ಗೆ ನಾಳೆ ಸಂಜೆ `Block` ಹಾಕುತ್ತೇನೆ. ಶುಕ್ರವಾರ ಅಲ್ಲ, ಬುಧವಾರ.